ಮಿಲ್ಲಿನವರು, ಡೈರಿಯವರು, ಗುಡ್ಡದವರು: ಒಂದು ವ್ಯಾನಿನ ಬಾಡಿಗೆ ಹಂಚುವ ಲೆಕ್ಕ

ಪ್ರಶ್ನೆ: ನಮ್ಮ ಕಡೆಯ ಎಂಟು ಮಕ್ಕಳು ತೀರ್ಥಹಳ್ಳಿಯ ಶಾಲೆಗೆ ಒಂದೇ ವ್ಯಾನಿನಲ್ಲಿ ಹೋಗುತ್ತಾರೆ. ಶಾಲೆಯಿಂದ 4 ಕಿಲೋಮೀಟರ್ ದೂರದ ರೈಸ್ ಮಿಲ್ ಹತ್ತಿರ ಮೂವರು, 9 ಕಿಲೋಮೀಟರ್ ದೂರದ ಹಾಲಿನ ಡೈರಿ ಹತ್ತಿರ ಮೂವರು, 15 ಕಿಲೋಮೀಟರ್ ದೂರ ಗುಡ್ಡದ ಮೇಲೆ ಇಬ್ಬರು. ಡ್ರೈವರ್ ಮನೆ ಪೇಟೆಯಲ್ಲೇ, ಶಾಲೆ ಪಕ್ಕ. ತಿಂಗಳಿಗೆ 20,000 ರೂಪಾಯಿ. ಇಷ್ಟು ದಿನ ಮಗುವಿಗೆ 2,500ರಂತೆ ಸಮವಾಗಿ ಕೊಡುತ್ತಿದ್ದೆವು. ಈಗ ಮಿಲ್ಲಿನವರು ‘ನಾಲ್ಕು ಕಿಲೋಮೀಟರಿಗೆ ಇಷ್ಟಾ? ಆಟೋದಲ್ಲಿ 1,700ಕ್ಕೆ ಆಗುತ್ತೆ’ ಅಂತಿದ್ದಾರೆ. ಗುಡ್ಡದವರು ‘ಸೀಟು ಎಲ್ಲರಿಗೂ ಒಂದೇ ಅಲ್ವಾ’ ಅಂತಾರೆ. ನಾನು ಡೈರಿ ಹತ್ತಿರದವಳು, ಲೆಕ್ಕ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ. ಯಾವುದು ನ್ಯಾಯ?

ಉತ್ತರ:

ಎರಡೂ ಕಡೆಯವರ ಮಾತಿನಲ್ಲೂ ಅರ್ಧರ್ಧ ಸತ್ಯ ಇದೆ. ಸೀಟಿನ ಖರ್ಚು ಎಲ್ಲರಿಗೂ ಒಂದೇ, ಅದು ನಿಜ. ದಾರಿಯ ಖರ್ಚು ಒಂದೇ ಅಲ್ಲ, ಅದೂ ನಿಜ. ಜಗಳ ಹುಟ್ಟಿದ್ದು 20,000 ಅನ್ನೋದನ್ನು ಒಂದೇ ಮೊತ್ತವಾಗಿ ನೋಡಿದ್ದರಿಂದ. ಹಾಗಾಗಿ ಮೊದಲು ಅದನ್ನು ಎರಡಾಗಿ ಒಡೆಯಬೇಕು. ವ್ಯಾನ್ ಎಷ್ಟು ದೂರ ಓಡಿದರೂ ಬದಲಾಗದ ಖರ್ಚು ಒಂದು, ಓಡಿದಷ್ಟೂ ಏರುವ ಖರ್ಚು ಇನ್ನೊಂದು. ವಿಮೆ, ತೆರಿಗೆ, ಪರ್ಮಿಟ್, ಎಫ್‌ಸಿ, ಬ್ಯಾಂಕಿನ ಕಂತು, ಡ್ರೈವರನ ದುಡಿಮೆ, ಇವೆಲ್ಲ ಮೊದಲನೆಯದಕ್ಕೆ ಸೇರುತ್ತವೆ. ಡೀಸೆಲ್, ಟೈರ್, ಆಯಿಲ್, ಸರ್ವಿಸ್ ಎರಡನೆಯದಕ್ಕೆ.

ಇದಕ್ಕೆ ಡ್ರೈವರನ ಹತ್ತಿರ ‘ನಿಮ್ಮ ಲೆಕ್ಕ ತೋರಿಸಿ’ ಅಂತ ಕೇಳೋದು ಬೇಡ. ಯಾರಿಗೂ ಅದು ಹಿಡಿಸೋದಿಲ್ಲ. ಓಡುವ ಖರ್ಚನ್ನು ನೀವೇ ಅಳೆಯಬಹುದು. ನಾನು ಹೀಗೊಂದು ವ್ಯಾನಿನ ಲೆಕ್ಕಕ್ಕೆ ಕೂತಾಗ ಮಾಡಿದ್ದು ಇಷ್ಟೇ. ಒಂದು ಸೋಮವಾರ ಬೆಳಿಗ್ಗೆ ಡ್ರೈವರ್ ಜೊತೆ ಬಂಕಿಗೆ ಹೋದೆ. ಗನ್ ‘ಟಕ್’ ಅಂತ ತಾನಾಗೇ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿದೆವು. ಮೀಟರಿನಲ್ಲಿದ್ದ ಅಂಕಿಯನ್ನು ಬಂಕಿನ ರಶೀದಿಯ ಹಿಂದೆ ಬರೆದುಕೊಂಡೆ. ಐದು ದಿನ ವ್ಯಾನ್ ಶಾಲೆಯ ಓಡಾಟ ಮಾತ್ರ ಮಾಡಿತು. ಶುಕ್ರವಾರ ಸಂಜೆ ಅದೇ ಬಂಕು, ಅದೇ ಗನ್, ಮತ್ತೆ ‘ಟಕ್’. ಮೀಟರ್ 300 ಕಿಲೋಮೀಟರ್ ಮುಂದೆ ಹೋಗಿತ್ತು. ಹಿಡಿದ ಡೀಸೆಲ್ 25 ಲೀಟರ್. ಅಂದರೆ ಲೀಟರಿಗೆ 12. ಅದೇ ವ್ಯಾನ್ ಬಯಲು ಸೀಮೆಯಲ್ಲಿ ಇನ್ನೂ ಚೆನ್ನಾಗಿ ಕೊಡುತ್ತಿತ್ತೋ ಏನೋ. ನಮ್ಮ ಏರು, ತಿರುವು, ಎರಡನೇ ಗೇರಿನ ದಾರಿಯಲ್ಲಿ ಅಷ್ಟೇ.

ನಿಮ್ಮ ವ್ಯಾನಿಗೂ ಅದೇ 12 ಅಂತ ಸದ್ಯಕ್ಕೆ ಹಿಡಿಯೋಣ. ಆಮೇಲೆ ನೀವೇ ಅಳೆದು ಸರಿ ಮಾಡಿಕೊಳ್ಳಿ. ಡ್ರೈವರ್ ಮನೆ ಪೇಟೆಯಲ್ಲಿ ಇರೋದರಿಂದ ವ್ಯಾನ್ ಬೆಳಿಗ್ಗೆ ಖಾಲಿಯಾಗಿ ಗುಡ್ಡ ಹತ್ತುತ್ತದೆ, ಮಕ್ಕಳನ್ನು ತುಂಬಿಕೊಂಡು ಇಳಿಯುತ್ತದೆ. ಸಂಜೆ ಮಕ್ಕಳ ಜೊತೆ ಹತ್ತುತ್ತದೆ, ಖಾಲಿಯಾಗಿ ಇಳಿಯುತ್ತದೆ. ದಾರಿಯ ಪ್ರತಿ ಕಿಲೋಮೀಟರನ್ನೂ ದಿನಕ್ಕೆ ನಾಲ್ಕು ಸಲ ತುಳಿಯುತ್ತದೆ. ದಿನಕ್ಕೆ 60 ಕಿಲೋಮೀಟರ್, ಶನಿವಾರವೂ ಸೇರಿ ತಿಂಗಳಿಗೆ 24 ದಿನ ಅಂದರೆ 1,440 ಕಿಲೋಮೀಟರ್. ಡೀಸೆಲ್ 120 ಲೀಟರ್. ಲೀಟರಿಗೆ 91 ರೂಪಾಯಿ ಹಿಡಿದರೆ 10,920. ಟೈರು, ಆಯಿಲ್, ಸರ್ವಿಸ್ ಅಂತ ಕಿಲೋಮೀಟರಿಗೆ ಮುಕ್ಕಾಲು ರೂಪಾಯಿ, ಅಂದರೆ 1,080. ಕೂಡಿದರೆ 12,000. ಉಳಿದ 8,000 ವ್ಯಾನ್ ಮತ್ತು ಡ್ರೈವರ್ ನಿಮಗಾಗಿ ಸಿದ್ಧವಾಗಿ ಇರೋದಕ್ಕೆ ಕೊಡುವ ದುಡ್ಡು. 8,000 ಕಡಿಮೆ ಅನ್ನಿಸಿದರೆ, ನಿಮ್ಮ ಡ್ರೈವರ್ ಹಗಲು ಹೊತ್ತು ಬೇರೆ ಬಾಡಿಗೆ ಹೊಡೆಯುತ್ತಿರಬೇಕು. ಆ ಓಡಾಟ ಅವರದು, ಅದನ್ನು ಈ ಲೆಕ್ಕಕ್ಕೆ ತರಬೇಡಿ.

ಈಗ ಹಂಚುವುದು. 8,000ವನ್ನು ಎಂಟು ಸೀಟಿಗೆ ಸಮವಾಗಿ ಹಂಚಿ: ಮಗುವಿಗೆ 1,000. ಇಲ್ಲಿ ಗುಡ್ಡದವರ ಮಾತು ಗೆಲ್ಲುತ್ತದೆ.

12,000ವನ್ನು 15 ಕಿಲೋಮೀಟರಿಗೆ ಹಂಚಿದರೆ ದಾರಿಯ ಒಂದೊಂದು ಕಿಲೋಮೀಟರಿಗೆ ತಿಂಗಳಿಗೆ 800 ರೂಪಾಯಿ ಬೀಳುತ್ತದೆ. ಇನ್ನು ಕೇಳಬೇಕಾದ್ದು ಒಂದೇ ಪ್ರಶ್ನೆ: ಈ ತುಂಡು ದಾರಿ ಯಾರಿಗೆ ಬೇಕು? ಯಾರಿಗೆ ಬೇಕೋ ಅವರು ಮಾತ್ರ, ಸಮವಾಗಿ ಕೊಡಬೇಕು.

ಶಾಲೆಯಿಂದ ಮಿಲ್ಲಿನವರೆಗಿನ 4 ಕಿಲೋಮೀಟರ್ ಎಂಟೂ ಮಕ್ಕಳಿಗೆ ಬೇಕು. ಅದರ ಖರ್ಚು 3,200, ಮಗುವಿಗೆ 400. ಮಿಲ್ಲಿನಿಂದ ಡೈರಿಯವರೆಗಿನ 5 ಕಿಲೋಮೀಟರ್ ಐವರಿಗೆ ಬೇಕು. ಖರ್ಚು 4,000, ಮಗುವಿಗೆ 800. ಡೈರಿಯಿಂದ ಗುಡ್ಡಕ್ಕೆ 6 ಕಿಲೋಮೀಟರ್ ಬೇಕಾಗಿರೋದು ಇಬ್ಬರಿಗೆ ಮಾತ್ರ. ಖರ್ಚು 4,800, ಮಗುವಿಗೆ 2,400.

ಸೀಟಿನ ಸಾವಿರ ಸೇರಿಸಿ ನೋಡಿ. ಮಿಲ್ಲಿನ ಮಗುವಿಗೆ 1,400. ಡೈರಿಯ ಮಗುವಿಗೆ 2,200. ಗುಡ್ಡದ ಮಗುವಿಗೆ 4,600. ಮೂರು, ಮೂರು, ಎರಡು ಮಕ್ಕಳಿಗೆ ಕೂಡಿದರೆ 4,200, 6,600, 9,200. ಒಟ್ಟು 20,000 ಸರಿ ಹೋಯಿತು.

ಇದು ನಾನು ಕಂಡುಹಿಡಿದ ಲೆಕ್ಕ ಅಲ್ಲ. ವಿಮಾನ ನಿಲ್ದಾಣದ ರನ್‌ವೇ ಖರ್ಚು ಹಂಚಲು ಅರ್ಥಶಾಸ್ತ್ರದವರು ಯೋಚಿಸಿದ ದಾರಿ ಇದು. ದೊಡ್ಡ ವಿಮಾನ ಇಳಿಯಲು ಉದ್ದ ರನ್‌ವೇ ಬೇಕು, ಚಿಕ್ಕದಕ್ಕೆ ಅದರ ಒಂದು ತುಂಡು ಸಾಕು. ಹಾಗಿದ್ದಾಗ ಚಿಕ್ಕ ವಿಮಾನ ಎಷ್ಟು ಕೊಡಬೇಕು? 1973ರಲ್ಲಿ ಲಿಟಲ್‌ಚೈಲ್ಡ್ ಮತ್ತು ಓವನ್ ಎಂಬಿಬ್ಬರು ಇದಕ್ಕೆ ಉತ್ತರ ಕೊಟ್ಟರು: ಒಂದೊಂದು ತುಂಡಿನ ಖರ್ಚನ್ನು ಆ ತುಂಡನ್ನು ಬಳಸುವವರು ಸಮವಾಗಿ ಹಂಚಿಕೊಳ್ಳಲಿ. ಅವರು ಹೊರಟಿದ್ದು ಲಾಯ್ಡ್ ಶಾಪ್ಲಿ 1953ರಲ್ಲಿ ಹೇಳಿದ ಒಂದು ವಿಚಾರದಿಂದ. ಶಾಪ್ಲಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಶಾಪ್ಲಿಯ ವಿಚಾರವನ್ನು ನಿಮ್ಮ ವ್ಯಾನಿಗೇ ಹಚ್ಚಿ ನೋಡಬಹುದು. ಮಕ್ಕಳು ಒಬ್ಬೊಬ್ಬರಾಗಿ ವ್ಯಾನಿಗೆ ಹೆಸರು ಕೊಡುತ್ತಾರೆ ಅಂದುಕೊಳ್ಳಿ. ಹೊಸದಾಗಿ ಸೇರುವ ಮಗುವಿನಿಂದ ಎಷ್ಟು ಖರ್ಚು ಏರುತ್ತದೋ ಅಷ್ಟನ್ನು ಆ ಮನೆಯವರು ಕೊಡಬೇಕು. ಗುಡ್ಡದ ಮಗು ಮೊದಲು ಸೇರಿದರೆ ಪೂರಾ 15 ಕಿಲೋಮೀಟರ್ ಅದರ ತಲೆ ಮೇಲೆ. ಆಮೇಲೆ ಬಂದ ಮಿಲ್ಲಿನ ಮಗುವಿಗೆ ದಾರಿಯ ಖರ್ಚೇ ಇಲ್ಲ, ವ್ಯಾನ್ ಹೇಗೂ ಆ ದಾರಿಯಲ್ಲೇ ಬರುತ್ತದೆ. ಮಿಲ್ಲಿನ ಮಗು ಮೊದಲು ಸೇರಿದರೆ ಮೊದಲ 4 ಕಿಲೋಮೀಟರ್ ಅದರ ಪಾಲಿಗೆ. ಯಾರು ಮೊದಲು ಸೇರಿದರು ಅನ್ನೋದರ ಮೇಲೆ ಪಾಲು ನಿಲ್ಲಬಾರದು ಅಲ್ವಾ? ಅದಕ್ಕೆ ಎಲ್ಲ ಸರದಿಗಳನ್ನೂ ಹಿಡಿದು ಸರಾಸರಿ ತೆಗೆಯೋದು. ಮೊದಲ 4 ಕಿಲೋಮೀಟರಿನ ಖರ್ಚು ಎಂಟರಲ್ಲಿ ಯಾರು ಮೊದಲು ಬಂದರೋ ಅವರಿಗೆ. ಮೊದಲು ಬರುವ ಅವಕಾಶ ಎಂಟೂ ಮಕ್ಕಳಿಗೂ ಒಂದೇ. ಹಾಗಾಗಿ ಸರಾಸರಿಯಲ್ಲಿ ಎಂಟನೇ ಒಂದು ಪಾಲು. ಸೀಟಿನ 8,000ಕ್ಕೂ ಇದೇ ಮಾತು ಹೊಂದುತ್ತದೆ. ಗುಡ್ಡದ 6 ಕಿಲೋಮೀಟರಿಗೆ ಪೈಪೋಟಿ ಇಬ್ಬರದೇ, ಅದಕ್ಕೆ ಅರ್ಧ ಪಾಲು.

‘ಅಷ್ಟೆಲ್ಲಾ ಯಾಕೆ, ಸುಮ್ನೆ ಕಿಲೋಮೀಟರಿಗೆ ಇಷ್ಟು ಅಂತ ಮಾಡಿಬಿಡೋಣ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದನ್ನೂ ಹಾಕಿ ನೋಡಿ. ಎಲ್ಲ ಮಕ್ಕಳ ದೂರ ಕೂಡಿದರೆ 69 ಕಿಲೋಮೀಟರ್. ಅದಕ್ಕೆ 20,000 ಹಂಚಿದರೆ ಮಿಲ್ಲಿನ ಮಗುವಿಗೆ 1,159, ಡೈರಿಯ ಮಗುವಿಗೆ 2,609, ಗುಡ್ಡದ ಮಗುವಿಗೆ 4,348 ಬರುತ್ತದೆ. ನೋಡಿ, ನಡುವಿನವರಾದ ನಿಮಗೆ ಸಮಪಾಲಿಗಿಂತಲೂ ಜಾಸ್ತಿ ಬಿತ್ತು. ಸೀಟಿನ ಖರ್ಚಿಗೂ ದೂರಕ್ಕೂ ಸಂಬಂಧ ಇಲ್ಲ ಅನ್ನೋದನ್ನು ಈ ಲೆಕ್ಕ ಮರೆಯುತ್ತದೆ. ತುಂಬಿದ ದಾರಿಯ ಕಿಲೋಮೀಟರಿಗೂ ಇಬ್ಬರಿಗಾಗಿ ಓಡುವ ಕಿಲೋಮೀಟರಿಗೂ ಒಂದೇ ಬೆಲೆ ಕಟ್ಟುತ್ತದೆ. ಈ ಲೆಕ್ಕ ಮಾಡಿ ಅಂತ ನಾನು ಯಾರಿಗೂ ಸಲಹೆ ಕೊಡುವುದಿಲ್ಲ.

ಇನ್ನು ಗುಡ್ಡದವರು. ಅವರಿಗೆ 2,500 ಇದ್ದದ್ದು 4,600 ಆಗುತ್ತದೆ. ಇದನ್ನು ಕೇಳಿದ ಕೂಡಲೇ ಅವರು ಎದ್ದು ಹೋಗಬಹುದು. ಅದಕ್ಕೆ ಮೊದಲು ಅವರ ಪರವಾದ ಒಂದು ಲೆಕ್ಕವನ್ನು ನೀವೇ ಅವರ ಮುಂದೆ ಇಡಿ, ಯಾಕೆಂದರೆ ಉಳಿದವರಿಗೂ ಅದು ಗೊತ್ತಿರಬೇಕು. ಗುಡ್ಡದ ಇಬ್ಬರು ಇಲ್ಲದಿದ್ದರೆ ವ್ಯಾನ್ ಡೈರಿಯವರೆಗೆ ಮಾತ್ರ ಹೋಗುತ್ತದೆ. ಖರ್ಚು 20,000ದಿಂದ 15,200ಕ್ಕೆ ಇಳಿಯುತ್ತದೆ. ಆದರೆ ಅದನ್ನು ಆರೇ ಮಕ್ಕಳು ಹೊರಬೇಕು. ಆಗ ಮಿಲ್ಲಿನ ಮಗುವಿಗೆ 1,867, ಡೈರಿಯ ಮಗುವಿಗೆ 3,200 ಆಗುತ್ತದೆ. ಗುಡ್ಡದವರು ಇರುವುದರಿಂದ ಮಿಲ್ಲಿನ ಪ್ರತಿ ಮಗುವಿಗೆ 467, ಡೈರಿಯ ಪ್ರತಿ ಮಗುವಿಗೆ 1,000 ಉಳಿಯುತ್ತಿದೆ. ‘ಗುಡ್ಡದವರಿಗೋಸ್ಕರ ನಾವು ದುಡ್ಡು ಸುರಿಯುತ್ತಿದ್ದೇವೆ’ ಅನ್ನೋ ಮಾತು ನಿಮ್ಮ ವ್ಯಾನಿನಲ್ಲಿ ಬಂದಿದ್ದರೆ ಅದು ತಪ್ಪು. ಹಳೆಯ ಸಮಪಾಲಿನಲ್ಲೂ ಗುಡ್ಡದವರು ಕೊಡುತ್ತಿದ್ದದ್ದು 5,000. ಅವರಿಂದ ಏರಿದ ಖರ್ಚು 4,800. ತಮ್ಮ ದಾರಿಯ ಖರ್ಚನ್ನು ಅವರೇ ಹೊತ್ತಿದ್ದರು.

ಈ 4,800 ನೆಲ ಇದ್ದ ಹಾಗೆ. ಗುಡ್ಡದ ಮಗುವಿನ ಪಾಲು 2,400ಕ್ಕಿಂತ ಕೆಳಗೆ ಇಳಿದರೆ ಉಳಿದವರಿಗೆ ಅವರನ್ನು ಬಿಟ್ಟು ಹೋಗೋದೇ ಲಾಭ. ಆ ಸ್ಥಿತಿ ತರಬಾರದು. 2,400ರಿಂದ 4,600ರ ನಡುವೆ ಎಲ್ಲಿ ನಿಂತರೂ ಅವರು ಯಾರ ದುಡ್ಡನ್ನೂ ತಿಂದಂತಲ್ಲ. ಮಾತುಕತೆಗೆ ಇರುವ ಜಾಗ ಅದೇ.

ಹಾಗಿದ್ದರೆ ಸಮಪಾಲನ್ನೇ ಮುಂದುವರಿಸಬಹುದಲ್ಲ ಅಂತ ಕೇಳಬಹುದು. ಮುಂದುವರಿಸಬಹುದಿತ್ತು, ಮಿಲ್ಲಿನ ಹತ್ತಿರ ಆಟೋ ಸಿಗದಿದ್ದರೆ. ಹತ್ತಿರದವರಿಗೆ ಬೇರೆ ದಾರಿ ಇರುತ್ತದೆ, ದೂರದವರಿಗೆ ಇರೋದಿಲ್ಲ. ವ್ಯಾನ್ ಮುರಿಯೋದು ಯಾವಾಗಲೂ ಹತ್ತಿರದ ತುದಿಯಿಂದಲೇ. ನನ್ನ ಮಗಳು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ವ್ಯಾನಿಗೂ ಹೀಗೇ ಆಯಿತು. ಸಮಪಾಲು ಬಿಡಲು ಯಾರೂ ಒಪ್ಪಲಿಲ್ಲ. ಜೂನಿನಲ್ಲಿ ಪೇಟೆ ಹತ್ತಿರದ ಎರಡು ಮನೆಯವರು ಆಟೋ ಮಾಡಿಕೊಂಡರು. ಉಳಿದವರ ಪಾಲು ಏರಿತು. ಜುಲೈಯಲ್ಲಿ ಮತ್ತೊಂದು ಮನೆ ಬಿಟ್ಟಿತು, ಪಾಲು ಮತ್ತೆ ಏರಿತು. ಆಗಸ್ಟಿನಲ್ಲಿ ಡ್ರೈವರ್ ‘ಇಷ್ಟು ಕಡಿಮೆ ಮಕ್ಕಳಿಗೆ ನನಗೆ ಗಿಟ್ಟಲ್ಲ’ ಅಂತ ನಿಲ್ಲಿಸಿಯೇಬಿಟ್ಟರು. ಜೋರು ಮಳೆಯ ತಿಂಗಳು. ನಾನು ಬೈಕಿನಲ್ಲಿ ಮಗಳನ್ನು ಕೂರಿಸಿಕೊಂಡು, ಅವಳ ಬ್ಯಾಗಿಗೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಸುತ್ತಿ, ದಸರಾ ರಜೆ ಬರುವವರೆಗೆ ಓಡಾಡಿದೆ. ಆಗ ಈ ತುಂಡು ಲೆಕ್ಕ ನನಗೆ ಗೊತ್ತಿದ್ದರೆ ಆ ಎರಡು ಮನೆಯವರನ್ನು ಉಳಿಸಿಕೊಳ್ಳುತ್ತಿದ್ದೆವು ಅಂತ ಇವತ್ತಿಗೂ ಅನ್ನಿಸುತ್ತದೆ.

ನಿಮ್ಮಲ್ಲಿ ಮಿಲ್ಲಿನ ಮೂವರೂ ಬಿಟ್ಟರೆ ಏನಾಗುತ್ತದೆ? ವ್ಯಾನಿನ ಓಡಾಟ ಒಂದು ಕಿಲೋಮೀಟರೂ ಕಡಿಮೆಯಾಗೋದಿಲ್ಲ, ಅದೇ ದಾರಿಯಲ್ಲಿ ಹೋಗಲೇಬೇಕು. 20,000 ಐವರ ಮೇಲೆ ಬೀಳುತ್ತದೆ. ಸಮಪಾಲಾದರೆ ತಲೆಗೆ 4,000. ತುಂಡು ಲೆಕ್ಕವಾದರೆ ಡೈರಿಗೆ 3,040, ಗುಡ್ಡಕ್ಕೆ 5,440. ಮಿಲ್ಲಿನವರು ಕೊಡುವ 1,400 ಸಣ್ಣದಾಗಿ ಕಾಣಬಹುದು, ಆದರೆ ಅದು ಹೋದರೆ ನಿಮ್ಮ ಪ್ರತಿ ಮಗುವಿಗೂ 840 ಜಾಸ್ತಿ. ಗುಡ್ಡದವರಿಗೆ ಈ ಅಂಕಿಯನ್ನು ತೋರಿಸಿ.

ನನ್ನ ಸಲಹೆ ಇದು. 1,400, 2,200, 4,600 ಅನ್ನೋದನ್ನು ಮೊದಲು ಹಾಳೆಯ ಮೇಲೆ ಬರೆದು ಎಲ್ಲರಿಗೂ ತೋರಿಸಿ. ಆಮೇಲೆ ಮಿಲ್ಲಿನವರೂ ಡೈರಿಯವರೂ ಮಗುವಿಗೆ 200ರಂತೆ ಬಿಟ್ಟುಕೊಡುತ್ತಾರಾ ಕೇಳಿ. ಆರು ಮಕ್ಕಳಿಂದ 1,200 ಆಗುತ್ತದೆ, ಗುಡ್ಡದ ಇಬ್ಬರಿಗೆ 600ರಂತೆ ಇಳಿಯುತ್ತದೆ. ಆಗ ಪಾಲು 1,600, 2,400, 4,000. ಮಿಲ್ಲಿನವರಿಗೆ ಆಟೋಗಿಂತ ಇನ್ನೂ 100 ಕಡಿಮೆ. ನಿಮಗೆ ಹಳೆಯ ಪಾಲಿಗಿಂತ 100 ಕಡಿಮೆ. ಈ 200 ಬಿಟ್ಟುಕೊಟ್ಟದ್ದನ್ನು ಪುಸ್ತಕದಲ್ಲಿ ಬೇರೆ ಸಾಲಿನಲ್ಲೇ ಬರೆಯಿರಿ. ನಾಟಿ ಹೊತ್ತಿನಲ್ಲಿ ಮುಯ್ಯಾಳು ಹೋದ ದಿನವನ್ನು ಎರಡೂ ಮನೆಯವರು ನೆನಪಿಡುತ್ತಾರಲ್ಲ, ಹಾಗೆ. ಲೆಕ್ಕದ ಒಳಗೆ ಬೆರೆಸಿಬಿಟ್ಟರೆ ಮುಂದಿನ ವರ್ಷ ಅದು ಕೊಟ್ಟದ್ದು ಅಂತ ಯಾರಿಗೂ ನೆನಪಿರೋದಿಲ್ಲ, ಮತ್ತೆ ಜಗಳ.

ಇದಕ್ಕಿಂತಲೂ ಒಳ್ಳೆಯ ದಾರಿ ಗುಡ್ಡದವರ ಕೈಯಲ್ಲೇ ಇದೆ. ಆ 6 ಕಿಲೋಮೀಟರಿನ ಅರ್ಧಕ್ಕೆ, ಅಂದರೆ ಡೈರಿಯಿಂದ 3 ಕಿಲೋಮೀಟರ್ ಮೇಲೆ, ಸೂರು ಇರುವ ಒಂದು ಜಾಗ ಇದೆಯಾ ನೋಡಿ. ಅಡಿಕೆ ಮನೆಯೋ, ಬಸ್ಸಿನ ತಂಗುದಾಣವೋ, ಯಾರದೋ ಜಗುಲಿಯೋ ಸಾಕು. ಅಲ್ಲಿಯವರೆಗೆ ಅಪ್ಪಂದಿರು ಸರದಿಯಂತೆ ಮಕ್ಕಳನ್ನು ತಂದುಬಿಟ್ಟರೆ ವ್ಯಾನಿಗೆ 3 ಕಿಲೋಮೀಟರ್ ಉಳಿಯುತ್ತದೆ, ತಿಂಗಳಿಗೆ 2,400. ತುಂಡು ಲೆಕ್ಕದಲ್ಲಿ ಅದು ಪೂರ್ತಿ ಗುಡ್ಡದವರಿಗೇ ಸೇರುತ್ತದೆ. ಮಗುವಿಗೆ 4,600 ಇದ್ದದ್ದು 3,400ಕ್ಕೆ ಇಳಿಯುತ್ತದೆ, ಬೇರೆಯವರ 200ರ ಹಂಗೂ ಬೇಕಾಗಿಲ್ಲ. ಸಮಪಾಲಿನಲ್ಲಿ ಇದೇ ಉಳಿತಾಯ ಎಂಟು ಜನಕ್ಕೆ ಹಂಚಿಹೋಗಿ ಅವರಿಗೆ ಸಿಗೋದು ಮಗುವಿಗೆ 300. 300ಕ್ಕೋಸ್ಕರ ಬೆಳಿಗ್ಗೆ ಏಳಕ್ಕೆ ಯಾರು ಬೈಕ್ ತೆಗೆಯುತ್ತಾರೆ? ನನಗೆ ಈ ಲೆಕ್ಕ ಇಷ್ಟವಾಗಲು ದೊಡ್ಡ ಕಾರಣ ಇದೇ. ಯಾರು ಕಷ್ಟಪಡುತ್ತಾರೋ ಉಳಿತಾಯ ಅವರಿಗೇ ಸಿಗುತ್ತದೆ. ಮಳೆಗಾಲದಲ್ಲಿ ಮಾತ್ರ ವ್ಯಾನ್ ಮನೆವರೆಗೆ ಬರಲಿ, ಮಿಕ್ಕ ತಿಂಗಳು ಜಗುಲಿವರೆಗೆ ಸಾಕು ಅಂತ ಕೂಡ ಮಾಡಿಕೊಳ್ಳಬಹುದು.

ಆದರೆ ಇದೆಲ್ಲ ಕಾಗದದ ಮೇಲೆ ಉಳಿಯಬಾರದು ಅಂದರೆ ಡ್ರೈವರ್ ಒಪ್ಪಬೇಕು. ‘ಎಲ್ಲ ಸೇರಿ 20,000’ ಅನ್ನೋ ಮಾತಿನಲ್ಲಿ 3 ಕಿಲೋಮೀಟರ್ ಉಳಿದರೆ ಆ ದುಡ್ಡು ಉಳಿಯೋದು ಅವರಿಗೆ, ನಿಮಗಲ್ಲ. ಆದ್ದರಿಂದ ಅವರ ಹತ್ತಿರ ಎರಡು ಅಂಕಿಯಲ್ಲಿ ಮಾತಾಡಿ: ತಿಂಗಳಿಗೆ 8,000 ಖಾಯಂ, ಓಡಿದ ಕಿಲೋಮೀಟರಿಗೆ 8 ರೂಪಾಯಿ 33 ಪೈಸೆ. ಡ್ರೈವರ್‌ಗೂ ಇದು ಒಳ್ಳೆಯದೇ. ಧರೆ ಕುಸಿದು ಸುತ್ತು ದಾರಿಯಲ್ಲಿ ಹೋಗಬೇಕಾಗಿ ಬಂದರೆ ಆ ಹೆಚ್ಚಿನ ಡೀಸೆಲ್ ಅವರ ಜೇಬಿನಿಂದ ಹೋಗೋದಿಲ್ಲ. ‘ಮೇಲಿನ 6 ಕಿಲೋಮೀಟರ್ ಏರು, ಅಲ್ಲಿ ಡೀಸೆಲ್ ಜಾಸ್ತಿ ಕುಡಿಯುತ್ತೆ’ ಅಂತ ಅವರು ಅಂದರೆ ನಂಬಿ, ಅದು ನಿಜವೇ ಇರುತ್ತದೆ. ಆ ತುಂಡಿಗೆ ಸ್ವಲ್ಪ ಹೆಚ್ಚಿನ ದರ ಹಾಕಿ.

ಡ್ರೈವರ್ ಬದಲಾದರೆ ಲೆಕ್ಕ ಮತ್ತೆ ಮಾಡಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಹೊಸ ಡ್ರೈವರ್ ಮನೆ ಡೈರಿ ಹತ್ತಿರ ಇದ್ದು, ಮಕ್ಕಳನ್ನು ಬಿಟ್ಟ ಮೇಲೆ ಸಂಜೆವರೆಗೆ ಪೇಟೆಯಲ್ಲೇ ಇರುತ್ತಾರೆ ಅಂದುಕೊಳ್ಳಿ. ಶಾಲೆಯಿಂದ ಡೈರಿಯವರೆಗಿನ ದಾರಿಯನ್ನು ವ್ಯಾನ್ ದಿನಕ್ಕೆ ಎರಡೇ ಸಲ ತುಳಿಯುತ್ತದೆ. ಗುಡ್ಡದ 6 ಕಿಲೋಮೀಟರನ್ನು ಮಾತ್ರ ನಾಲ್ಕು ಸಲ. ಆಗ ಕೆಳಗಿನ ದಾರಿಗೆ ಕಿಲೋಮೀಟರಿಗೆ 400, ಮೇಲಿನದಕ್ಕೆ 800. ಓಡಾಟದ ಖರ್ಚು 12,000ದಿಂದ 8,400ಕ್ಕೆ ಇಳಿಯುತ್ತದೆ. ಡ್ರೈವರ್ ಮನೆ ಗುಡ್ಡದ ಮೇಲೇ ಇದ್ದರೆ ಇನ್ನೂ ಕಡಿಮೆ. ಯಾವ ತುಂಡನ್ನು ದಿನಕ್ಕೆ ಎಷ್ಟು ಸಲ ತುಳಿಯುತ್ತದೆ ಅಂತ ಎಣಿಸಿದರೆ ಸಾಕು. ಮುಖ್ಯ ರಸ್ತೆಯಿಂದ ಒಳಗೆ ಹೋಗುವ ಮನೆಗೂ ಇದೇ ಮಾತು. ಒಂದು ಕಿಲೋಮೀಟರ್ ಮಣ್ಣು ರಸ್ತೆಗೆ ವ್ಯಾನ್ ಬೆಳಿಗ್ಗೆ ಒಮ್ಮೆ ಹೋಗಿ ಬರುತ್ತದೆ, ಸಂಜೆ ಒಮ್ಮೆ ಹೋಗಿ ಬರುತ್ತದೆ. ಅದೂ ನಾಲ್ಕೇ ಸಲ, 800 ರೂಪಾಯಿ, ಪೂರ್ತಿ ಆ ಮನೆಯದು.

ನಡುವೆ ಹೊಸ ಮಗು ಸೇರಿದರೆ? ಡೈರಿಯಿಂದ 3 ಕಿಲೋಮೀಟರ್ ಮೇಲಿನ ಅದೇ ಜಗುಲಿಯ ಹತ್ತಿರ ಒಂದು ಮಗು ಸೇರಿತು ಅಂತ ಇಟ್ಟುಕೊಳ್ಳಿ. ಅದರ ಪಾಲು 2,711. ಮಿಲ್ಲಿನವರದು 1,244ಕ್ಕೆ, ನಿಮ್ಮದು 1,911ಕ್ಕೆ, ಗುಡ್ಡದವರದು 3,911ಕ್ಕೆ ಇಳಿಯುತ್ತದೆ. ವ್ಯಾನ್ ಹೇಗೂ ಹೋಗುವ ದಾರಿಯಲ್ಲಿ ಯಾರೇ ಸೇರಿದರೂ ಯಾರ ಪಾಲೂ ಏರುವುದಿಲ್ಲ, ಹಾಗಾಗಿ ಹೊಸಬರಿಗೆ ಬೇಡ ಅನ್ನಲು ಯಾರಿಗೂ ಕಾರಣ ಇಲ್ಲ. ಮಿತಿ ಒಂದೇ: ಆರ್‌ಸಿಯಲ್ಲಿ ಬರೆದ ಸೀಟು. ಪಾಲು ಇಳಿಯುತ್ತದೆ ಅಂತ ಮಕ್ಕಳನ್ನು ತೊಡೆ ಮೇಲೆ ಕೂರಿಸುವ ವ್ಯಾನುಗಳನ್ನು ನೋಡಿದ್ದೇನೆ. ದಯವಿಟ್ಟು ಅದನ್ನು ಮಾಡಬೇಡಿ. ಹಾಗೆಯೇ ಬಿಳಿ ಬೋರ್ಡಿನ ವ್ಯಾನ್ ಅಗ್ಗ ಅಂತ ಯಾರಾದರೂ ತಂದರೆ ಒಪ್ಪಬೇಡಿ. ಬಾಡಿಗೆಗೆ ಓಡುವ ಗಾಡಿಗೆ ಪರ್ಮಿಟ್ ಇರಬೇಕು, ಹಳದಿ ಬೋರ್ಡ್ ಇರಬೇಕು. ಸ್ವಂತ ಬಳಕೆಗೆ ಅಂತ ಮಾಡಿಸಿದ ವಿಮೆ ಬಾಡಿಗೆ ಓಡಾಟದಲ್ಲಿ ಅಪಘಾತವಾದರೆ ಕೈ ಕೊಡಬಹುದು. 8,000ದಲ್ಲಿ ಒಂದು ಭಾಗ ಹೋಗುವುದು ಇದಕ್ಕೇ.

ಅಣ್ಣ ತಮ್ಮ ಒಂದೇ ಮನೆಯಿಂದ ಬಂದರೆ ಮನೆ ಲೆಕ್ಕವೋ ಮಗು ಲೆಕ್ಕವೋ ಅನ್ನೋ ಪ್ರಶ್ನೆಯೂ ಬರುತ್ತದೆ. ಮಗು ಲೆಕ್ಕವನ್ನೇ ಇಟ್ಟುಕೊಳ್ಳಿ. ಮನೆ ಲೆಕ್ಕ ಮಾಡಿದರೆ ಒಂದೇ ಮಗು ಇರುವ ಮನೆಗಳಿಗೆ ಪಾಲು ಏರುತ್ತದೆ.

ರಜೆಯ ವಿಚಾರದಲ್ಲಿ ಒಂದೇ ನಿಯಮ ಸಾಕು: ಮಗು ಹೋಗಿಲ್ಲ ಅಂತ ಕಡಿತ ಇಲ್ಲ, ವ್ಯಾನ್ ಓಡಿಲ್ಲ ಅಂದರೆ ಕಡಿತ ಇದೆ. ನಿಮ್ಮ ಮಗುವಿಗೆ ಜ್ವರ ಬಂದು ಒಂದು ವಾರ ಮನೆಯಲ್ಲಿದ್ದರೂ ವ್ಯಾನ್ ಡೈರಿಯನ್ನು ದಾಟಿ ಹೋಗಿಯೇ ಹೋಗುತ್ತದೆ. ಖರ್ಚು ಉಳಿದಿಲ್ಲ, ಹಾಗಾಗಿ ಕಡಿತವೂ ಇಲ್ಲ. ಗುಡ್ಡದ ಇಬ್ಬರೂ ಮದುವೆಗೆ ಅಂತ ಹತ್ತು ದಿನ ಊರಿಗೆ ಹೋದರೆ ವ್ಯಾನ್ ಆ 6 ಕಿಲೋಮೀಟರ್ ಹತ್ತೋದಿಲ್ಲ. 4,800ರಲ್ಲಿ ಹತ್ತು ದಿನದ್ದು 2,000 ಉಳಿಯಿತು, ಅದು ಅವರಿಗೇ ವಾಪಸ್. ಮಳೆ ಜೋರಾಗಿ ಜಿಲ್ಲಾಧಿಕಾರಿಗಳು ರಜೆ ಕೊಟ್ಟರೆ ಇಡೀ ವ್ಯಾನೇ ನಿಲ್ಲುತ್ತದೆ. ದಿನಕ್ಕೆ ಉಳಿಯೋದು 500 ರೂಪಾಯಿ. ಐದು ದಿನ ರಜೆ ಬಂದರೆ ಗುಡ್ಡದ ಮಗುವಿಗೆ 750 ಕಡಿತ, ಡೈರಿಯ ಮಗುವಿಗೆ 250, ಮಿಲ್ಲಿನ ಮಗುವಿಗೆ 83. ಸೀಟಿನ ಸಾವಿರ ಮಾತ್ರ ಯಾವ ರಜೆಗೂ ಇಳಿಯೋದಿಲ್ಲ. ಬೇಸಿಗೆ ರಜೆಯಲ್ಲೂ ವ್ಯಾನಿನ ಕಂತು, ವಿಮೆ ನಿಲ್ಲುವುದಿಲ್ಲ. ಆ ಎರಡು ತಿಂಗಳ ಸೀಟಿನ ದುಡ್ಡನ್ನು ಉಳಿದ ಹತ್ತು ತಿಂಗಳಿಗೆ ಹಂಚಿದರೆ ಮಗುವಿಗೆ ತಿಂಗಳಿಗೆ 200 ಏರುತ್ತದೆ. ಡ್ರೈವರ್ ರಜೆಯಲ್ಲಿ ಪೂರ್ತಿ ಬೇರೆ ಬಾಡಿಗೆಗೆ ಹೋಗುತ್ತಾರಾದರೆ ಇದು ಬೇಡ. ಮೊದಲೇ ಮಾತಾಡಿಕೊಳ್ಳಿ.

ಹೊಸ ಪಾಲನ್ನು ವರ್ಷದ ನಡುವೆ ಹೇರಬೇಡಿ. ಗುಡ್ಡದವರಿಗೆ ಒಮ್ಮೆಲೇ ಸಾವಿರಾರು ರೂಪಾಯಿ ಏರುವ ವಿಚಾರ ಇದು. ಅವರಿಗೆ ಅಡಿಕೆ ದುಡ್ಡು ಯಾವಾಗ ಕೈಗೆ ಬರುತ್ತದೆ ಅನ್ನೋದನ್ನೂ ನೋಡಬೇಕು. ಮೇ ಕೊನೆಯ ವಾರ ಎಲ್ಲರೂ ಡೈರಿ ಹತ್ತಿರ ಸೇರಿ, ಡ್ರೈವರನ್ನೂ ಕೂರಿಸಿಕೊಳ್ಳಿ. ಬಂಕಿನ ಎರಡು ರಶೀದಿ, ಮೀಟರಿನ ಎರಡು ಅಂಕಿ, ಮೂರು ತುಂಡಿನ ಲೆಕ್ಕ ಒಂದೇ ಹಾಳೆಯಲ್ಲಿ ಇರಲಿ. ಕೆಳಗೆ ಒಂದು ಸಾಲು ಸೇರಿಸಿ: ಡೀಸೆಲ್ ಲೀಟರಿಗೆ 5 ರೂಪಾಯಿ ಏರಿದರೆ ಅಥವಾ ಇಳಿದರೆ ಪಾಲು ಬದಲಾಗುತ್ತದೆ. 120 ಲೀಟರಿಗೆ 600 ರೂಪಾಯಿ, ಅಂದರೆ ದಾರಿಯ ಕಿಲೋಮೀಟರಿಗೆ 800 ಇದ್ದದ್ದು 840. ಮಿಲ್ಲಿನ ಮಗುವಿಗೆ 20, ನಿಮ್ಮ ಮಗುವಿಗೆ 60, ಗುಡ್ಡದ ಮಗುವಿಗೆ 180. ಎಲ್ಲರ ಸಹಿ ಹಾಕಿಸಿ, ಒಂದು ಪ್ರತಿ ಡ್ರೈವರ್ ಹತ್ತಿರ ವ್ಯಾನಿನ ಡ್ಯಾಶ್‌ಬೋರ್ಡಿನಲ್ಲೇ ಇರಲಿ.